ಮೇಷ್ಟ್ರ ಆರು ಪುಟದ ಗದ್ಯ ಸ್ಕ್ರಿಪ್ಟ್ ಆಗಿದ್ದು

ಉತ್ತರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಕಿರುನಾಟಕ ಆಡುತ್ತೇವೆ. ಸಿಗುವ ಸಮಯ 15 ನಿಮಿಷ. ಈ ಸಲ ಮೂರನೇ ಮಹಡಿಯ ಮೇಷ್ಟ್ರು ತಾವೇ ಬರೆದುಕೊಟ್ಟರು. ಹೆಸರು ‘ಬೀಗದ ಕೈ’. ಚಾಮರಾಜಪೇಟೆಯ ಹಳೇ ಮನೆಯೊಂದು ಬಿಲ್ಡರ್ ಕೈಗೆ ಹೋಗುವ ದಿನ. ಅಕ್ಕ ಸಾವಿತ್ರಿ, ತಮ್ಮ ರಾಘು ಕೊನೆಯ ಸಲ ಅಲ್ಲಿ ಸೇರುತ್ತಾರೆ. ಕೀಲಿ ತಗೊಂಡು ಹೋಗಲು ಬಿಲ್ಡರ್ ಕಡೆಯ ಹುಡುಗ ಮಂಜು ಬರುತ್ತಾನೆ. ಅಷ್ಟೇ ಕಥೆ.

ಓದೋಕೆ ಚೆನ್ನಾಗಿತ್ತು. ಆದರೆ ಆರು ಪುಟವೂ ಉದ್ದಕ್ಕೆ ಗದ್ಯ. ಯಾವ ಮಾತು ಯಾರದ್ದು ಅಂತ ಬೆರಳಿಟ್ಟು ಹುಡುಕಬೇಕು. “ನಾಟಕ ಅಂತಾನೇ ಶುರು ಮಾಡ್ದೆ ಕಣಯ್ಯ, ಕೈ ಕಥೆ ಕಡೆಗೆ ಹೊರಟುಹೋಯ್ತು” ಅಂದರು ಮೇಷ್ಟ್ರು. ಸ್ಕ್ರಿಪ್ಟ್ ಮಾಡುವ ಕೆಲಸ ನನ್ನ ತಲೆಗೆ ಬಂತು. ಒಂದು ಸಂಜೆ ಸಾಕು ಅಂದುಕೊಂಡಿದ್ದೆ. ನಾಲ್ಕು ಹಿಡಿಯಿತು.

ಮೊದಲ ಸಂಜೆ ಪೂರ್ತಿ ಅಕ್ಷರಕ್ಕೇ ಹೋಯಿತು. ಮೇಷ್ಟ್ರು ಟೈಪ್ ಮಾಡಿದ್ದು ಹಳೇ ನುಡಿ ಫಾಂಟಿನಲ್ಲಿ, ಯೂನಿಕೋಡ್ ಅಲ್ಲ. ಅವರ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತಿದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ `PÀ£ÀßqÀ` ಅಂತ ಬಂತು. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡೆ. ಆಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿದೆ. ಹಳೇ ಫಾಂಟಿನಲ್ಲಿ ಆ ಗುರುತು ಅಕ್ಷರದ ಹಿಂದೆ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ತಪ್ಪುವುದಿದ್ದರೆ ಅಲ್ಲೇ ತಪ್ಪುತ್ತದೆ. ನಾಲ್ಕು ಕಡೆ ತಪ್ಪಿತ್ತು, ಸರಿ ಮಾಡಿದೆ.

ಎರಡನೇ ಸಂಜೆ ನಿಜವಾದ ಕೆಲಸ ಶುರುವಾಯಿತು. ಗದ್ಯವನ್ನು ಪ್ರಿಂಟ್ ತೆಗೆದು ಎರಡು ಬಣ್ಣದ ಪೆನ್ ಹಿಡಿದು ಕೂತೆ. ಕಣ್ಣಿಗೆ ಕಾಣುವುದರ ಕೆಳಗೆ ಹಸಿರು ಗೆರೆ. ಕಿವಿಗೆ ಕೇಳುವುದರ ಕೆಳಗೆ ನೀಲಿ. ಎರಡೂ ಅಲ್ಲದ್ದನ್ನು ಹಾಗೇ ಬಿಟ್ಟೆ. ಹಸಿರು ರಂಗಸೂಚನೆ ಆಗುತ್ತದೆ, ನೀಲಿ ಸಂಭಾಷಣೆ ಅಥವಾ ಸದ್ದು ಆಗುತ್ತದೆ. ಗೆರೆ ಬೀಳದೆ ಉಳಿಯುವುದೇ ತಲೆನೋವು. ಮೇಷ್ಟ್ರ ಮೊದಲ ಪುಟದ ಶುರು ಹೀಗಿತ್ತು:

“ಅಂದು ಭಾನುವಾರ. ರಾಘು ಬೆಳಗ್ಗೆಯಿಂದ ಡಬ್ಬಗಳನ್ನು ಕಟ್ಟುತ್ತಿದ್ದ. ಅಕ್ಕನ ಜೊತೆ ಮಾತುಬಿಟ್ಟು ಮೂರು ತಿಂಗಳಾಗಿತ್ತು. ಬಾಗಿಲ ಸದ್ದಿಗೆ ಅವನ ಎದೆ ಧಸಕ್ಕೆಂದಿತು. ಸಾವಿತ್ರಿ ಒಳಗೆ ಬಂದಳು. ಆ ಮನೆಯ ಒಂದೊಂದು ಮೂಲೆಯೂ ಅವಳಿಗೆ ಗೊತ್ತು. ಅಮ್ಮನ ಬೀರು ಎಲ್ಲಿ ಎಂದು ಕೇಳಿದಳು. ಗುಜರಿಗೆ ಹಾಕಿದ್ದನ್ನು ರಾಘು ಹೇಗೋ ಹೇಳಿದ. ಅವಳಿಗೆ ಸಿಟ್ಟು ಬಂತು, ಆದರೆ ತೋರಿಸಿಕೊಳ್ಳಲಿಲ್ಲ.”

ಹಸಿರು ಗೆರೆ ಬಿದ್ದದ್ದು ಡಬ್ಬ ಕಟ್ಟುವುದಕ್ಕೆ, ಸಾವಿತ್ರಿ ಒಳಗೆ ಬರುವುದಕ್ಕೆ. ನೀಲಿ ಬಿದ್ದದ್ದು ಬಾಗಿಲ ಸದ್ದಿಗೆ, ಬೀರು ಕೇಳಿದ್ದಕ್ಕೆ, ಗುಜರಿಯ ಉತ್ತರಕ್ಕೆ. ಉಳಿದ ಅರ್ಧ ಭಾಗ ಬರೀ ಬಿಳಿ. ಮೂರು ತಿಂಗಳು ಮಾತಿಲ್ಲ ಅನ್ನುವುದು ಪ್ರೇಕ್ಷಕರಿಗೆ ಎಲ್ಲಿ ಕಾಣುತ್ತದೆ? ಎದೆ ಧಸಕ್ಕೆಂದದ್ದು ಹತ್ತನೇ ಸಾಲಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ‘ಸಿಟ್ಟು ಬಂತು, ಆದರೆ ತೋರಿಸಿಕೊಳ್ಳಲಿಲ್ಲ’ ಅಂತೂ ಇನ್ನೂ ಕಷ್ಟ. ತೋರಿಸಿಕೊಳ್ಳದ ಸಿಟ್ಟನ್ನು ತೋರಿಸಬೇಕು!

ಅವತ್ತು ಮಾಡಿದ ಮೊದಲ ತಪ್ಪನ್ನೂ ಹೇಳಿಬಿಡುತ್ತೇನೆ. ಬಿಳಿ ಉಳಿದದ್ದನ್ನೆಲ್ಲ ಪಾತ್ರಗಳ ಬಾಯಿಗೆ ತುರುಕಿದೆ. “ನಾವು ಮಾತಾಡಿ ಮೂರು ತಿಂಗಳಾಯ್ತಲ್ಲ ರಾಘು” ಅಂತ ಸಾವಿತ್ರಿ ಕೈಲಿ ಹೇಳಿಸಿದೆ. ಜೋರಾಗಿ ಓದಿದಾಗ ನನಗೇ ನಗು ಬಂತು. ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಯಾಕೆ ಹೇಳಿಕೊಳ್ಳುತ್ತಾರೆ? ಆ ಮಾತು ರಾಘುಗೆ ಅಲ್ಲ, ಪ್ರೇಕ್ಷಕರಿಗೆ. ಇಂಥದ್ದನ್ನು ಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಆ ಸಾಲು ಕೇಳಿಸಿಕೊಂಡ ಪಾತ್ರಕ್ಕೆ ಹೊಸದಾಗಿ ಏನಾದರೂ ಗೊತ್ತಾಯಿತಾ, ಅಥವಾ ಎಲ್ಲಾದರೂ ಚುಚ್ಚಿತಾ? ಎರಡೂ ಇಲ್ಲದಿದ್ದರೆ ಅದು ವೇಷ ಹಾಕಿಕೊಂಡ ಗದ್ಯ.

ಸರಿಹೋಗುವುದಕ್ಕೆ ಒಂದು ಗಂಟೆ ಬೇಕಾಯಿತು. ಕೊನೆಗೆ ಬಂದದ್ದು ಇದು. ಸಾವಿತ್ರಿ ಕೇಳುತ್ತಾಳೆ: “ನಿನ್ ನಂಬರ್ ಬದಲಾಗಿದ್ಯಾ?” ರಾಘು ಹೇಳುತ್ತಾನೆ: “ಇಲ್ಲ. ಅದೇ ಇದೆ.” ಸಾವಿತ್ರಿ: “ಹೌದಾ.” ಮೂರು ತಿಂಗಳು ಅನ್ನುವ ಲೆಕ್ಕ ಹೋಯಿತು. ಆದರೆ ಮಾತುಬಿಟ್ಟಿದ್ದಾರೆ, ಯಾರೂ ಫೋನ್ ಮಾಡಿಲ್ಲ, ಅದರ ನೋವು ಇಬ್ಬರಿಗೂ ಇದೆ ಅನ್ನುವುದೆಲ್ಲ ಮೂರೇ ಸಾಲಿನಲ್ಲಿ ಬಂತು.

ಸಿಟ್ಟಿಗೆ ಮಾತು ಬೇಡ, ಕೆಲಸ ಬೇಕು ಅನ್ನಿಸಿತು. ಗುಜರಿ ಅಂದ ತಕ್ಷಣ ಸಾವಿತ್ರಿ, ರಾಘು ಅಷ್ಟು ಹೊತ್ತು ಕಷ್ಟಪಟ್ಟು ಟೇಪ್ ಸುತ್ತಿದ ಡಬ್ಬದ ಹತ್ತಿರ ಹೋಗಿ ಟೇಪನ್ನು ನಿಧಾನಕ್ಕೆ ಕಿತ್ತು ತೆಗೆಯುತ್ತಾಳೆ. ಒಳಗೆ ಏನಿದೆ ಅಂತ ನೋಡುವ ನೆಪ. ಟೇಪ್ ಕೀಳುವ ಸದ್ದು ಹಾಲ್ ತುಂಬಾ ಕೇಳುತ್ತದೆ. ‘ಎದೆ ಧಸಕ್ಕೆಂದಿತು’ ಹೋಗಿ ‘ಟೇಪ್ ಸುತ್ತುವ ಕೈ ನಿಲ್ಲುತ್ತದೆ’ ಆಯಿತು. ‘ಒಂದೊಂದು ಮೂಲೆಯೂ ಗೊತ್ತು’ ಅನ್ನುವುದಕ್ಕೆ ಅವಳು ಸ್ವಿಚ್ ಬೋರ್ಡ್ ಕಡೆ ನೋಡದೇ ಕೈ ಚಾಚಿ ದೀಪ ಹಾಕುತ್ತಾಳೆ.

ಮೇಷ್ಟ್ರಿಗೆ ತೋರಿಸಿದೆ. ಅವರಿಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. “ಒಬ್ಬ ಸೂತ್ರಧಾರನ್ನ ಇಟ್ಬಿಡಪ್ಪ, ನನ್ನ ವಾಕ್ಯಗಳೆಲ್ಲ ಉಳಿಯುತ್ವೆ” ಅಂದರು. ಸುಮ್ನೆ ತಳ್ಳಿಹಾಕುವ ಸಲಹೆ ಅಲ್ಲ ಅದು. ಯಕ್ಷಗಾನದ ಭಾಗವತರಿಂದ ಹಿಡಿದು ಕಥೆ ಹೇಳುವವರನ್ನು ರಂಗದ ಮೇಲೇ ನಿಲ್ಲಿಸುವ ರೂಢಿ ನಮ್ಮಲ್ಲಿ ಗಟ್ಟಿಯಾಗಿದೆ. ಆದರೆ ಸೂತ್ರಧಾರ ಬಂದರೆ ಅವನಿಗೂ ಪಾತ್ರಗಳಿಗೂ ಏನಾದರೂ ನಂಟು ಬೇಕು. ಅವರನ್ನು ಕೆಣಕಬೇಕು, ತಡೆಯಬೇಕು. ನಮ್ಮದರಲ್ಲಿ ಅವನು ಮೂಲೆಯಲ್ಲಿ ನಿಂತು “ಅವಳಿಗೆ ಸಿಟ್ಟು ಬಂತು” ಅಂತ ಓದುತ್ತಿದ್ದ, ಅಷ್ಟೇ. ಬೇಡ ಮೇಷ್ಟ್ರೇ ಅಂದೆ. ಹ್ಞೂಂ ಅಂದರು, ಮನಸ್ಸಿಲ್ಲದೆ.

ನನಗೆ ನಿಜಕ್ಕೂ ಅಚ್ಚರಿ ತಂದದ್ದು ‘ಎಂದು’. ಕನ್ನಡ ಗದ್ಯದಲ್ಲಿ ‘ಎಂದು ಕೇಳಿದಳು’, ‘ಎಂದು ಹೇಳಿದ’ ಅಂತ ಬರೆದಾಗ ನಿಜವಾದ ಮಾತು ಮುಚ್ಚಿಹೋಗುತ್ತದೆ. ಓದುವಾಗ ಗೊತ್ತೇ ಆಗುವುದಿಲ್ಲ. ಮೂರನೇ ಪುಟದಲ್ಲಿ ‘ಕೀಲಿ ಕೊಡಬೇಕೆಂದು ಮಂಜು ಕೇಳಿದ’ ಅಂತಿತ್ತು. ಅದನ್ನು ಮಾತು ಮಾಡಲು ಹೊರಟರೆ ಮೊದಲ ಪ್ರಶ್ನೆ: ಕೊಡಿ ಅಂದನಾ, ಕೊಡು ಅಂದನಾ? ಸಾವಿತ್ರಿಗೆ ಐವತ್ತೈದು, ಅವನಿಗೆ ಇಪ್ಪತ್ತೆರಡು. ಮೇಡಂ ಅಂತಾನಾ, ಅಮ್ಮ ಅಂತಾನಾ, ಆಂಟಿ ಅಂತಾನಾ? ಅವಳು ಅವನಿಗೆ ‘ಏನಪ್ಪ’ ಅಂತಾಳಾ, ‘ಏನ್ರಿ’ ಅಂತಾಳಾ? ಗದ್ಯ ಇದ್ಯಾವುದಕ್ಕೂ ಉತ್ತರ ಕೊಟ್ಟಿರಲಿಲ್ಲ. ಸ್ಕ್ರಿಪ್ಟ್ ಕೊಡದೇ ಇರುವ ಹಾಗಿಲ್ಲ.

ಮೇಷ್ಟ್ರನ್ನೇ ಕೇಳಿದೆ. ಸ್ವಲ್ಪ ಯೋಚಿಸಿ, “ಮೊದ್ಲು ಅಮ್ಮ ಅಂತಾನೆ. ಫೋನ್‌ನಲ್ಲಿ ಅವನ ಸಾರ್ ಬೈದ್ಮೇಲೆ ಮೇಡಂ ಅಂತಾನೆ” ಅಂದರು. ಇದು ಗದ್ಯದಲ್ಲಿ ಎಲ್ಲೂ ಇರಲಿಲ್ಲ. ಒಂದೇ ಪದ ಬದಲಾದದ್ದಕ್ಕೆ ಮಂಜು ಅನ್ನುವ ಹುಡುಗ ಮನುಷ್ಯನಾದ. ರಾಘು ಅಕ್ಕನಿಗೆ ‘ನೀನು’ ಅಂತಾನೆ, ಜಗಳ ಬಂದಾಗ ಮಾತ್ರ ‘ನೀವು’ ಅಂತ ದೂರ ಸರಿಯುತ್ತಾನೆ. ಅದನ್ನೂ ಅಲ್ಲೇ ತೀರ್ಮಾನ ಮಾಡಿಕೊಂಡೆವು. ಒಟ್ಟು ಇಂಥ ‘ಎಂದು’ ಇಪ್ಪತ್ತಮೂರು ಸಿಕ್ಕವು. ಫೈಲಿನಲ್ಲಿ ಹುಡುಕುವಾಗ ‘ಎಂದು’ ಒಂದೇ ಸಾಲದು, ‘ಅಂತ’, ‘ಎಂದ’, ‘ವಿಷಯ’ ಇವನ್ನೂ ಹುಡುಕಬೇಕು. ‘ಬಾಡಿಗೆಯ ವಿಷಯ ತೆಗೆದ’ ಅನ್ನುವ ಎರಡು ಮೂರು ಪದದ ಹಿಂದೆ ಅರ್ಧ ಪುಟ ಮಾತು ಅಡಗಿತ್ತು.

ಮೂರನೇ ಸಂಜೆ ದೃಶ್ಯ ಒಡೆಯುವ ಕೆಲಸ. ಜಾಗ ಬದಲಾದರೆ ಅಥವಾ ಹೊತ್ತು ಬದಲಾದರೆ ಹೊಸ ದೃಶ್ಯ, ಅದಕ್ಕೊಂದು ತಲೆಬರಹ. ಜಾಗ ಸುಲಭವಾಗಿ ಸಿಗುತ್ತದೆ. ಹೊತ್ತು ಕಳ್ಳತನದಿಂದ ಬದಲಾಗುತ್ತದೆ. ‘ಅಷ್ಟರಲ್ಲಿ ಬಿಸಿಲು ಇಳಿದಿತ್ತು’ ಅನ್ನುವ ಅರ್ಧ ವಾಕ್ಯದಲ್ಲಿ ಮೇಷ್ಟ್ರು ನಾಲ್ಕು ಗಂಟೆ ದಾಟಿಸಿದ್ದರು. ಅದರ ಹಿಂದೆ ಮುಂದೆ ಅದೇ ನಡುಮನೆ, ಅದೇ ಇಬ್ಬರು. ತಲೆಬರಹ ಹಾಕದಿದ್ದರೆ ಲೈಟ್ ನೋಡಿಕೊಳ್ಳುವವನಿಗೆ ಸಂಜೆ ಆದದ್ದೇ ತಿಳಿಯುವುದಿಲ್ಲ.

ಗದ್ಯದಲ್ಲಿ ಒಟ್ಟು ಏಳು ಸಲ ಜಾಗ ಬದಲಾಗುತ್ತಿತ್ತು. ನಡುಮನೆ, ಅಡುಗೆಮನೆ, ಟೆರೇಸು, ಮತ್ತೆ ನಡುಮನೆ, ಹೀಗೆ. ಸಿನಿಮಾ ಆಗಿದ್ದರೆ ಏಳಕ್ಕೆ ಏಳೂ ತಲೆಬರಹ ಹಾಕಿ ಮುಂದೆ ಹೋಗಬಹುದಿತ್ತು. ನಮ್ಮದು ಕ್ಲಬ್‌ಹೌಸ್ ಹಾಲ್. ಒಂದು ಸಲ ದೀಪ ಆರಿಸಿ ಸಾಮಾನು ಸರಿಸಿ ಮತ್ತೆ ದೀಪ ಹಾಕಲು ಇಪ್ಪತ್ತು ಸೆಕೆಂಡಾದರೂ ಬೇಕು, ಅಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಗಲಾಟೆ ಶುರು ಮಾಡಿರುತ್ತಾರೆ. ಟೆರೇಸಿನ ಮಾತನ್ನು ನಡುಮನೆಗೆ ತಂದೆ. ಅಡುಗೆಮನೆಯನ್ನು ರಂಗದ ಆಚೆ ಇಟ್ಟು ಅಲ್ಲಿಂದ ಪಾತ್ರೆ ಸದ್ದು, ಸಾವಿತ್ರಿಯ ದನಿ ಮಾತ್ರ ಬರುವ ಹಾಗೆ ಮಾಡಿದೆ. ನಾಲ್ಕು ದೃಶ್ಯ ಉಳಿದವು: ನಡುಮನೆ ಬೆಳಗ್ಗೆ, ನಡುಮನೆ ಸಂಜೆ, ಮುಂಬಾಗಿಲ ಹೊರಗೆ ಸಂಜೆ, ಮತ್ತೆ ನಡುಮನೆ ರಾತ್ರಿ. ತಲೆಬರಹದಲ್ಲಿ ‘ಒಳಗೆ’, ‘ಹೊರಗೆ’ ಅಂತ ಬರೆಯುವುದು ಚಿತ್ರಕಥೆಯ ರೂಢಿ, ನಾಟಕಕ್ಕೆ ಕಡ್ಡಾಯ ಏನಿಲ್ಲ. ಒಂದು ದೃಶ್ಯ ಜಗಲಿಯಲ್ಲಿ ಇದ್ದದ್ದರಿಂದ ಇಟ್ಟುಕೊಂಡೆ.

ಟೈಪ್ ಮಾಡಲು ಫೌಂಟನ್ ಬಳಸಿದೆ. ಅದು ಸಾಫ್ಟ್‌ವೇರ್ ಅಲ್ಲ, ಬರೆಯುವ ಒಂದು ಕ್ರಮ. ಸಾದಾ ಟೆಕ್ಸ್ಟ್ ಫೈಲಿನಲ್ಲಿ ಕೆಲವು ಗುರುತು ಹಾಕಿ ಬರೆದರೆ, ಅದನ್ನು ಅರ್ಥ ಮಾಡಿಕೊಳ್ಳುವ ಪ್ರೋಗ್ರಾಂಗಳು ತಲೆಬರಹ, ಪಾತ್ರದ ಹೆಸರು, ಮಾತು ಎಲ್ಲವನ್ನೂ ತಾವೇ ಜೋಡಿಸಿಕೊಡುತ್ತವೆ. ಮೊದಲ ಸಲ ಓಡಿಸಿದಾಗ ಇಡೀ ನಾಟಕ ಎಡಗಡೆಗೆ ಅಂಟಿಕೊಂಡು, ಪೂರ್ತಿ ರಂಗಸೂಚನೆಯಾಗಿ ಬಂತು. ಒಂದೇ ಒಂದು ಸಂಭಾಷಣೆ ಇಲ್ಲ!

ಕಾರಣ ತಿಳಿದಾಗ ಹಣೆ ಚಚ್ಚಿಕೊಂಡೆ. ಫೌಂಟನ್ ಪಾತ್ರದ ಹೆಸರನ್ನು ಗುರುತಿಸುವುದು ದೊಡ್ಡಕ್ಷರದಿಂದ. ಇಂಗ್ಲಿಷಿನಲ್ಲಿ ಹೆಸರಿನ ಸಾಲು ಪೂರ್ತಿ ಕ್ಯಾಪಿಟಲ್ ಇದ್ದರೆ ಅದರ ಕೆಳಗಿನದು ಮಾತು ಅಂತ ತಿಳಿಯುತ್ತದೆ. ಕನ್ನಡದಲ್ಲಿ ಕ್ಯಾಪಿಟಲ್ ಎಲ್ಲಿದೆ? ಅದೃಷ್ಟಕ್ಕೆ ಬಲವಂತವಾಗಿ ಹೇಳುವ ಗುರುತುಗಳೂ ಇವೆ. ಹೆಸರಿನ ಮುಂದೆ `@`, ತಲೆಬರಹದ ಮುಂದೆ ಒಂದು ಚುಕ್ಕಿ. ತಲೆಬರಹದ ಕೊನೆಯ `#1#` ದೃಶ್ಯದ ಸಂಖ್ಯೆ. ಮೊದಲ ದೃಶ್ಯದ ಶುರು ಕೊನೆಗೆ ಹೀಗಾಯಿತು:

```
.ಒಳಗೆ. ಹಳೇ ಮನೆಯ ನಡುಮನೆ - ಬೆಳಗ್ಗೆ #1#

ರಾಘು ನೆಲದ ಮೇಲೆ ಕೂತು ರಟ್ಟಿನ ಡಬ್ಬಕ್ಕೆ ಟೇಪ್ ಸುತ್ತುತ್ತಿದ್ದಾನೆ.
ಗೋಡೆಯ ಮೊಳೆಯಲ್ಲಿ ಬೀಗದ ಕೈ. ಬಾಗಿಲು ಬಡಿದ ಸದ್ದು.
ಟೇಪ್ ಸುತ್ತುವ ಕೈ ನಿಲ್ಲುತ್ತದೆ.

ಸಾವಿತ್ರಿ ಬರುತ್ತಾಳೆ. ನೋಡದೇ ಕೈ ಚಾಚಿ ದೀಪ ಹಾಕುತ್ತಾಳೆ.

@ಸಾವಿತ್ರಿ
ನಿನ್ ನಂಬರ್ ಬದಲಾಗಿದ್ಯಾ?

@ರಾಘು
ಇಲ್ಲ. ಅದೇ ಇದೆ.

@ಸಾವಿತ್ರಿ
ಹೌದಾ.
(ಸುತ್ತ ನೋಡಿ)
ಅಮ್ಮನ ಬೀರು ಎಲ್ಲೋ?
```

ಖಾಲಿ ಸಾಲಿನ ಬಗ್ಗೆ ಎಚ್ಚರ ಬೇಕು. ಹೆಸರಿನ ಮೇಲೆ ಒಂದು ಖಾಲಿ ಸಾಲು ಇರಲೇಬೇಕು, ಹೆಸರಿಗೂ ಮಾತಿಗೂ ನಡುವೆ ಇರಬಾರದು. ಉದ್ದದ ಮಾತನ್ನು ಅಂದವಾಗಿ ಕಾಣಲಿ ಅಂತ ಎರಡು ಪ್ಯಾರಾ ಮಾಡಿದರೆ ಎರಡನೆಯದು ರಂಗಸೂಚನೆಯಾಗಿ ಹೋಗುತ್ತದೆ. ಪ್ರಿಂಟಿನಲ್ಲಿ ಯಾವುದೋ ಮಾತು ಎಡ ಅಂಚಿಗೆ ಓಡಿಹೋಗಿದ್ದರೆ ಇದೇ ಕಾರಣ.

ರಂಗಸೂಚನೆಯಲ್ಲಿ ಕ್ರಿಯಾಪದಗಳೆಲ್ಲ ‘ಬಂದಳು’ ಹೋಗಿ ‘ಬರುತ್ತಾಳೆ’ ಆದವು. ಇದು ಬರೀ ರೂಢಿ ಅಲ್ಲ. ವರ್ತಮಾನಕ್ಕೆ ತಂದಾಗ ಆಡಲಾಗದ ವಾಕ್ಯಗಳು ತಾವೇ ಎದ್ದು ನಿಲ್ಲುತ್ತವೆ. ‘ಅವಳಿಗೆ ಆ ದಿನಗಳು ನೆನಪಾದವು’ ಗದ್ಯದಲ್ಲಿ ಸರಾಗ. ‘ಅವಳಿಗೆ ಆ ದಿನಗಳು ನೆನಪಾಗುತ್ತವೆ’ ಅಂತ ಬರೆದು ನೋಡಿ, ನಟಿ ಏನು ಮಾಡಬೇಕು ಅನ್ನುವ ಪ್ರಶ್ನೆ ತಕ್ಷಣ ಬರುತ್ತದೆ.

ಬೀಗದ ಕೈ ಮೊದಲ ದೃಶ್ಯದಲ್ಲೇ ಮೊಳೆಯಲ್ಲಿ ನೇತಾಡುತ್ತಿರುವುದನ್ನು ಗಮನಿಸಿದಿರಾ? ಗದ್ಯದಲ್ಲಿ ಅದು ಐದನೇ ಪುಟದಲ್ಲಿ ಏಕಾಏಕಿ ‘ಮೊಳೆಯಲ್ಲಿದ್ದ ಬೀಗದ ಕೈ’ ಅಂತ ಬರುತ್ತಿತ್ತು. ‘ಇದ್ದ’ ಅನ್ನುವ ಒಂದು ಪದ ಗದ್ಯಕ್ಕೆ ಸಾಕು. ರಂಗದ ಮೇಲೆ ಮೊದಲಿಂದಲೇ ಇರಬೇಕು, ಇಲ್ಲದಿದ್ದರೆ ಎಲ್ಲಿಂದ ಬಂತು ಅನ್ನಿಸುತ್ತದೆ. ಸಾಮಾನು ಹೊಂದಿಸುವ ಹುಡುಗಿ ರಂಗಸೂಚನೆಗಳನ್ನಷ್ಟೇ ಓದಿ ಪಟ್ಟಿ ಮಾಡಿಕೊಳ್ಳುತ್ತಾಳೆ, ಅವಳಿಗೂ ಮೊದಲ ಪುಟದಲ್ಲೇ ಸಿಕ್ಕಿದರೆ ಒಳ್ಳೇದು.

ಪ್ರಿಂಟ್ ಮಾಡುವಾಗ ಇನ್ನೊಂದು ತೊಂದರೆ. ನಾನು ಬಳಸಿದ ಪ್ರೋಗ್ರಾಂ ನೇರವಾಗಿ ಪಿಡಿಎಫ್ ಮಾಡಿದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಬಂದವು, ‘ಅಮ್ಮ’ ಹೋಗಿ ‘ಅಮ್‌ಮ’ ಆಯಿತು. ಅಕ್ಷರ ಕೂಡಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಬ್ರೌಸರ್‌ಗೆ ಬರುತ್ತದೆ. ಎಚ್‌ಟಿಎಂಎಲ್ ಆಗಿ ಉಳಿಸಿ, ಬ್ರೌಸರಿನಲ್ಲಿ ತೆರೆದು, ಅಲ್ಲಿಂದ ಪಿಡಿಎಫ್ ಮಾಡಿದೆ. ಸರಿಯಾಯಿತು. ಹೆಸರು ಒಂದು ಪುಟದ ಕೊನೆಯಲ್ಲಿ, ಮಾತು ಮುಂದಿನ ಪುಟದಲ್ಲಿ ಬಿದ್ದದ್ದು ಎರಡು ಕಡೆ ಇತ್ತು. ಮೇಲಿನ ರಂಗಸೂಚನೆಯಿಂದ ಒಂದು ಸಾಲು ಕಡಿಮೆ ಮಾಡಿದಾಗ ಅವೂ ಕೂಡಿಕೊಂಡವು.

ಆರು ಪುಟದ ಗದ್ಯ ಹದಿಮೂರು ಪುಟ ಆಗಿತ್ತು. ಮೇಷ್ಟ್ರಿಗೆ ಗಾಬರಿ. ಅದರಲ್ಲಿ ಜಾಸ್ತಿ ಖಾಲಿ ಜಾಗ, ಮಾತು ಅಷ್ಟೇ ಇದೆ ಅಂದೆ. ಚಿತ್ರಕಥೆಯಲ್ಲಿ ಒಂದು ಪುಟಕ್ಕೆ ಒಂದು ನಿಮಿಷ ಅಂತ ಒಂದು ಲೆಕ್ಕ ಇದೆ. ಅದು ಹುಟ್ಟಿದ್ದು ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಡುವ ಕೊರಿಯರ್ ಫಾಂಟಿನ 12 ಪಾಯಿಂಟ್ ಅಳತೆಯ ಮೇಲೆ. ಕೊರಿಯರ್‌ನಲ್ಲಿ ಕನ್ನಡ ಅಕ್ಷರವೇ ಇಲ್ಲ, ಕಂಪ್ಯೂಟರು ಬೇರೆ ಫಾಂಟ್ ಎರವಲು ತರುತ್ತದೆ. ಹಾಗಾಗಿ ಆ ಲೆಕ್ಕವನ್ನು ಇಲ್ಲಿ ನಂಬುವ ಹಾಗಿಲ್ಲ. ಮೊಬೈಲಿನಲ್ಲಿ ಸಮಯ ಇಟ್ಟು ಜೋರಾಗಿ ಓದುವುದೇ ದಾರಿ.

ನಾಲ್ಕನೇ ಸಂಜೆ ಮೇಷ್ಟ್ರ ಮನೆಯಲ್ಲೇ ಮೊದಲ ಓದು. ಬಿಸಿ ಕಾಫಿ, ಚಕ್ಕುಲಿ. ಮೂವರು ನಟರು, ರಂಗಸೂಚನೆ ಓದಲು ನಾನು. ಹತ್ತೊಂಬತ್ತು ನಿಮಿಷ ಬಂತು. ನಾಲ್ಕು ನಿಮಿಷ ಜಾಸ್ತಿ.

ಸಾವಿತ್ರಿ ಪಾತ್ರದವರು ಓದುತ್ತಾ ಓದುತ್ತಾ ನಿಲ್ಲಿಸಿದರು. “ಇಲ್ಲಿ ಬ್ರಾಕೆಟ್‌ನಲ್ಲಿ ‘ಬೇಸರದಿಂದ’ ಅಂತಿದೆ, ಮಾತು ಓದಿದ್ರೆ ಬೇಸರ ಗೊತ್ತಾಗಲ್ವಾ?” ಸರಿಯಾಗಿ ಹಿಡಿದರು. ಎಣಿಸಿದರೆ ಹದಿಮೂರು ಪುಟದಲ್ಲಿ ಮೂವತ್ತೊಂದು ಆವರಣ ಇದ್ದವು. ಸಿಟ್ಟಿನಿಂದ, ವ್ಯಂಗ್ಯವಾಗಿ, ಭಾವುಕಳಾಗಿ. ಗದ್ಯದ ‘ಎಂದು ಬೇಸರದಿಂದ ಹೇಳಿದಳು’ ಅನ್ನುವುದರ ಬಾಲವನ್ನು ನಾನು ಕತ್ತರಿಸದೆ ಹಾಗೇ ತಂದಿದ್ದೆ. ಮಾತೇ ಹೇಳುತ್ತಿದ್ದದ್ದನ್ನೆಲ್ಲ ಅಳಿಸಿ ಆರು ಉಳಿಸಿದೆವು. ಮಾತಿನ ಅರ್ಥವೇ ತಿರುಗುವ ಕಡೆ ಅಥವಾ ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಗೊತ್ತಾಗದ ಕಡೆ ಮಾತ್ರ. ಮಂಜು ‘ಸರಿ’ ಅನ್ನುವುದು ಫೋನಿಗೋ ಸಾವಿತ್ರಿಗೋ? ಅಲ್ಲಿ ಬೇಕು.

ಸಮಯ ಉಳಿದದ್ದು ಬೇರೆ ಕಡೆ. ಒಂದೇ ವಿಷಯವನ್ನು ಮಾತೂ ಹೇಳಿ, ಕೆಲಸವೂ ತೋರಿಸುವ ಜಾಗ ಒಂಬತ್ತು ಸಿಕ್ಕವು. ಸಾವಿತ್ರಿ ಟೇಪ್ ಕಿತ್ತ ಮೇಲೆ “ನಂಗೆ ಒಂದ್ ಮಾತು ಹೇಳ್ಬಾರ್ದಿತ್ತಾ?” ಅಂತ ನಾಲ್ಕು ಸಾಲು ಬೈಯುತ್ತಿದ್ದಳು. ಕಿತ್ತದ್ದೇ ಬೈಗುಳ. ನಾಲ್ಕು ಸಾಲೂ ಹೋದವು. ಮುಂದಿನ ಓದು ಹದಿನಾಲ್ಕೂವರೆ ನಿಮಿಷ. ಆಡುವಾಗ ಓಡಾಟಕ್ಕೆ ಒಂದಷ್ಟು ಸೇರುತ್ತದೆ, ಅದಕ್ಕೆ ಬಾಡಿಗೆಯ ಜಗಳದಿಂದ ಇನ್ನೂ ಒಂದು ನಿಮಿಷದಷ್ಟು ತೆಗೆದೆ.

ಉಳಿದದ್ದು ಕೊನೆಯ ವಾಕ್ಯ. ಮೇಷ್ಟ್ರು ಬರೆದಿದ್ದರು: ‘ಆ ಮನೆ ಇನ್ನು ಅವರದಾಗಿರಲಿಲ್ಲ.’ ಹಸಿರೂ ಇಲ್ಲ, ನೀಲಿಯೂ ಇಲ್ಲ. ಅದರ ಜಾಗದಲ್ಲಿ ಬಂದದ್ದು ಇಷ್ಟು: ರಾತ್ರಿ. ಇಬ್ಬರೂ ಹೊರಡುತ್ತಾರೆ. ಸಾವಿತ್ರಿ ಅಭ್ಯಾಸದಂತೆ ನೋಡದೇ ಸ್ವಿಚ್ ಆರಿಸಲು ಕೈ ಚಾಚುತ್ತಾಳೆ. ಮಂಜು ಅವಳಿಗಿಂತ ಮೊದಲೇ ಆರಿಸುತ್ತಾನೆ. ಕತ್ತಲು.

ಮೇಷ್ಟ್ರು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದರು. “ನನ್ ಕೊನೇ ಸಾಲು ಎಲ್ಲಿ ಹೋಯ್ತೋ?”

ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದೆ. ಫೌಂಟನ್‌ನಲ್ಲಿ ಎರಡೆರಡು ಚೌಕ ಆವರಣದ ಒಳಗೆ ಬರೆದದ್ದು ಟಿಪ್ಪಣಿ. ಫೈಲಿನಲ್ಲಿ ಇರುತ್ತದೆ, ಕಾಗದದ ಮೇಲೆ ಬರುವುದಿಲ್ಲ.

```
ಮಂಜು ಅವಳಿಗಿಂತ ಮೊದಲೇ ದೀಪ ಆರಿಸುತ್ತಾನೆ. ಕತ್ತಲು.

[[ಆ ಮನೆ ಇನ್ನು ಅವರದಾಗಿರಲಿಲ್ಲ.]]
```

ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. “ಅಲ್ಲೇ ಇರ್ಲಿ ಬಿಡು. ಮಂಜು ಪಾತ್ರದ ಹುಡುಗನಿಗೆ ಮಾತ್ರ ಒಂದ್ಸಲ ತೋರ್ಸು” ಅಂದರು.